91 ದಿನದ ಎಫ್‌ಡಿ ಮತ್ತು 3 ತಿಂಗಳ ಎಫ್‌ಡಿ: ಯಾವುದು ಮೊದಲು ಕೈಗೆ ಬರುತ್ತದೆ?

ಸಂಜೆಮಲ್ಲಿಗೆ

ಎಲ್ಲರಿಗೂ ನಮಸ್ಕಾರ. ಚಿಕ್ಕ ಪ್ರಶ್ನೆ, ಆದರೆ ಮನೆಯಲ್ಲಿ ಎರಡು ದಿನದಿಂದ ಇದೇ ಚರ್ಚೆ. ಬರುವ ಶುಕ್ರವಾರ, ಅಂದರೆ 2026ರ ಜುಲೈ 10ರಂದು, 2 ಲಕ್ಷ ರೂಪಾಯಿ ಎಫ್‌ಡಿ ಇಡಬೇಕು ಅಂತಿದ್ದೇನೆ. ಅದೇ ದುಡ್ಡಲ್ಲಿ ಅಕ್ಟೋಬರ್ 10ರೊಳಗೆ ಮಗಳ ಕೋರ್ಸಿನ ಎರಡನೇ ಕಂತು ಕಟ್ಟಬೇಕು. ಅದೇ ಕೊನೆಯ ದಿನ. ತಡವಾದರೆ ದಂಡ.

ಬ್ಯಾಂಕಿನ ಆ್ಯಪ್‌ನಲ್ಲಿ ಅವಧಿ ಹಾಕಲು ವರ್ಷ, ತಿಂಗಳು, ದಿನ ಅಂತ ಮೂರು ಖಾನೆ ಇವೆ. ಬಡ್ಡಿ ದರದ ಪಟ್ಟಿ ಮಾತ್ರ ದಿನದ ಲೆಕ್ಕದಲ್ಲಿದೆ: 46ರಿಂದ 90 ದಿನಕ್ಕೆ ಒಂದು ದರ, 91ರಿಂದ 179 ದಿನಕ್ಕೆ ಸ್ವಲ್ಪ ಜಾಸ್ತಿ ದರ. ನಾನು 91 ದಿನ ಅಂತ ಹಾಕಲಾ, 3 ತಿಂಗಳು ಅಂತ ಹಾಕಲಾ? ಯಾವುದು ಮೊದಲು ಮೆಚ್ಯೂರ್ ಆಗುತ್ತದೆ? ಎರಡೂ ಒಂದೇ ಅನ್ನುತ್ತಾರೆ ನಮ್ಮ ಭಾವ. ನನಗೆ ಹಾಗನ್ನಿಸುತ್ತಿಲ್ಲ.

ಲೆಕ್ಕದಮನುಷ್ಯ

ಇದರಲ್ಲಿ ಚರ್ಚೆ ಮಾಡೋದೇನಿದೆ ಮೇಡಂ? ತಿಂಗಳಿಗೆ 30 ದಿನ. ಮೂರು ತಿಂಗಳಿಗೆ 90. ನಿಮ್ಮದು 91 ದಿನ. ಹಾಗಾಗಿ 3 ತಿಂಗಳಿನದ್ದು ಮೊದಲು, 91 ದಿನದ್ದು ಒಂದು ದಿನ ತಡ. ಯಾವ ಎಫ್‌ಡಿ ಕೊಟ್ಟರೂ ದಿನವನ್ನು 30ರಿಂದ ಭಾಗಿಸಿ ನೋಡಿ, ಉತ್ತರ ಸಿಕ್ಕಿಬಿಡುತ್ತದೆ.

ನೀಲಿಪೆನ್ನು

30ರಿಂದ ಭಾಗಿಸಿದರೆ ವರ್ಷಕ್ಕೆ 360 ದಿನ ಆಯಿತಲ್ಲ ಸಾರ್? ಉಳಿದ 5 ದಿನ ಎಲ್ಲಿ ಹೋದವು? 365ನ್ನು 12ರಿಂದ ಭಾಗಿಸಿದರೆ ತಿಂಗಳಿಗೆ 30.4 ಬರುತ್ತದೆ. ಮೂರು ತಿಂಗಳಿಗೆ 91 ಕಾಲು ದಿನ. ಹಾಗಾಗಿ 91 ದಿನದ್ದೇ ಮೊದಲು. ಆ ಕಾಲು ದಿನವನ್ನು ಬ್ಯಾಂಕಿನವರು ಹೇಗೆ ಕೊಡುತ್ತಾರೋ ದೇವರೇ ಬಲ್ಲ 😀

ಹಳೇಕೌಂಟರ್

ಇಬ್ಬರದ್ದೂ ಸರಾಸರಿ ಲೆಕ್ಕ. ಬ್ಯಾಂಕು ಡ್ಯೂ ಡೇಟ್ ಹಾಕುವಾಗ ಸರಾಸರಿ ನೋಡುವುದಿಲ್ಲ. ಠೇವಣಿ ವಿಭಾಗದಲ್ಲೇ ಬಹಳ ವರ್ಷ ಕೂತವನು ನಾನು. ಕಂಪ್ಯೂಟರ್ ಬರುವ ಮೊದಲು ಈ ತಾರೀಖುಗಳನ್ನು ಕೈಯಲ್ಲೇ ಬರೆಯುತ್ತಿದ್ದೆವು. ಆಗಲೂ ಕ್ರಮ ಇದೇ ಇತ್ತು.

ತಿಂಗಳಲ್ಲಿ ಹೇಳಿದ ಠೇವಣಿಗೆ ದಿನ ಎಣಿಸುವುದೇ ಇಲ್ಲ. ತಾರೀಖು ಹಾಗೇ ಇರುತ್ತದೆ, ತಿಂಗಳು ಮಾತ್ರ ಮುಂದಕ್ಕೆ ಹೋಗುತ್ತದೆ. ಜುಲೈ 10ಕ್ಕೆ ಇಟ್ಟ 3 ತಿಂಗಳ ಠೇವಣಿ ಅಕ್ಟೋಬರ್ 10ಕ್ಕೆ. ನಡುವೆ ಎಷ್ಟು ದಿನ ಇದ್ದರೂ ಅಷ್ಟೇ. ದಿನದಲ್ಲಿ ಹೇಳಿದ್ದಕ್ಕೆ ತಿಂಗಳ ಗೊಡವೆ ಇಲ್ಲ, ಒಂದೊಂದೇ ದಿನ ಎಣಿಸುತ್ತಾ ಹೋಗುವುದು.

ಈಗ ಮೇಡಂ ಅವರದ್ದನ್ನೇ ಎಣಿಸೋಣ. ಜುಲೈ 10ರಿಂದ ಆಗಸ್ಟ್ 10ಕ್ಕೆ 31 ದಿನ, ಯಾಕೆಂದರೆ ಜುಲೈಗೆ 31. ಆಗಸ್ಟ್ 10ರಿಂದ ಸೆಪ್ಟೆಂಬರ್ 10ಕ್ಕೆ ಮತ್ತೆ 31. ಸೆಪ್ಟೆಂಬರ್ 10ರಿಂದ ಅಕ್ಟೋಬರ್ 10ಕ್ಕೆ 30. ಒಟ್ಟು 92. ಅಂದರೆ ನಿಮ್ಮ 3 ತಿಂಗಳು ನಿಜವಾಗಿ 92 ದಿನ. 91 ದಿನದ ಠೇವಣಿ ಒಂದು ದಿನ ಮೊದಲೇ, ಅಕ್ಟೋಬರ್ 9ಕ್ಕೆ, ಮುಗಿಯುತ್ತದೆ.

ಬರೀ ಒಂದು ದಿನ ತಾನೇ ಅನ್ನಬೇಡಿ. ಕ್ಯಾಲೆಂಡರ್ ತೆಗೆದು ನೋಡಿ. 2026ರ ಅಕ್ಟೋಬರ್ 9 ಶುಕ್ರವಾರ. 10ನೇ ತಾರೀಖು ಎರಡನೇ ಶನಿವಾರ, ಬ್ಯಾಂಕಿಗೆ ರಜೆ. 11 ಭಾನುವಾರ. 3 ತಿಂಗಳು ಅಂತ ಹಾಕಿದರೆ ದುಡ್ಡು ಸೋಮವಾರ 12ಕ್ಕೆ ಕೈಗೆ ಬರುವ ಸಾಧ್ಯತೆ ಇದೆ. ನಿಮ್ಮ ಕಂತಿನ ಕೊನೆಯ ದಿನ ಅಷ್ಟೊತ್ತಿಗೆ ದಾಟಿರುತ್ತದೆ.

ಸಂಜೆಮಲ್ಲಿಗೆ

ಅಯ್ಯೋ, ಎರಡನೇ ಶನಿವಾರ ಅನ್ನುವುದು ತಲೆಗೇ ಹೊಳೆದಿರಲಿಲ್ಲ. ತುಂಬಾ ಉಪಕಾರ ಆಯಿತು ಸರ್.

ಲೆಕ್ಕದಮನುಷ್ಯ

ಹಳೇಕೌಂಟರ್ ಅವರೇ, ನಿಮ್ಮ ಎಣಿಕೆಯಲ್ಲಿ ಒಂದು ದಿನ ಬಿಟ್ಟುಹೋಗಿದೆ. ಜುಲೈ 10ನೇ ತಾರೀಖೇ ಮೊದಲ ದಿನ ಅಲ್ವಾ? ಅವತ್ತೇ ದುಡ್ಡು ಬ್ಯಾಂಕಿಗೆ ಹೋಗಿರುತ್ತದೆ, ಅವತ್ತಿನ ಬಡ್ಡಿಯೂ ಸಿಗುತ್ತದೆ. ಆ ದಿನ ಸೇರಿಸಿ ಎಣಿಸಿದರೆ 91ನೇ ದಿನ ಅಕ್ಟೋಬರ್ 8. ಹಾಗಾಗಿ 8ಕ್ಕೇ ಮೆಚ್ಯೂರ್ ಆಗಬೇಕು.

ಹಳೇಕೌಂಟರ್

ಅರ್ಧ ಸರಿ ಹೇಳಿದಿರಿ. ಇಟ್ಟ ದಿನಕ್ಕೆ ಬಡ್ಡಿ ಇದೆ, ನಿಜ. 91ನೇ ದಿನ ಅಕ್ಟೋಬರ್ 8 ಅನ್ನುವುದೂ ನಿಜ. ಆದರೆ ಆ 91ನೇ ದಿನವೂ ದುಡ್ಡು ಬ್ಯಾಂಕಿನ ಹತ್ತಿರ ಪೂರ್ತಿ ಇರಬೇಕು. ಅದು ಮುಗಿದ ಮೇಲೆ, ಅಂದರೆ 9ನೇ ತಾರೀಖು, ವಾಪಸ್ ಕೊಡುವುದು. ಮೆಚ್ಯೂರಿಟಿ ದಿನಕ್ಕೆ ಬಡ್ಡಿ ಇಲ್ಲ. ರಾತ್ರಿಗಳನ್ನು ಎಣಿಸಿ, ಗೊಂದಲವೇ ಇರುವುದಿಲ್ಲ.

ಬೇಕಾದರೆ ಚಿಕ್ಕದರಲ್ಲಿ ನೋಡಿ. ಎಫ್‌ಡಿಗೆ ಕನಿಷ್ಠ ಅವಧಿ 7 ದಿನ. ಸೋಮವಾರ ಇಟ್ಟ 7 ದಿನದ ಠೇವಣಿ ಮುಂದಿನ ಸೋಮವಾರ ಮುಗಿಯುತ್ತದೆ, ಭಾನುವಾರ ಅಲ್ಲ. ಆ್ಯಪ್‌ನಲ್ಲಿ 7 ಅಂತ ಹಾಕಿ ತಾರೀಖು ನೋಡಿಕೊಂಡು ಸುಮ್ನೆ ವಾಪಸ್ ಬನ್ನಿ. ಒಪ್ಪಿಗೆ ಕೊಡುವವರೆಗೂ ದುಡ್ಡು ಹೋಗುವುದಿಲ್ಲ.

91ರಲ್ಲಿ ಇನ್ನೊಂದು ಅನುಕೂಲ ಇದೆ. ಅದು ಸರಿಯಾಗಿ 13 ವಾರ. ಶುಕ್ರವಾರ ಇಟ್ಟರೆ ಶುಕ್ರವಾರವೇ ಮುಗಿಯುತ್ತದೆ. ಅದಕ್ಕೇ ವಾರದ ನಡುವೆ ಇಟ್ಟ 91 ದಿನದ ಠೇವಣಿ ಶನಿವಾರ, ಭಾನುವಾರಕ್ಕೆ ಸಿಕ್ಕಿಬೀಳುವುದಿಲ್ಲ. ಹಬ್ಬದ ರಜೆ ಬಂದರೆ ಬೇರೆ ಮಾತು. ತಿಂಗಳ ಲೆಕ್ಕದಲ್ಲಿ ಈ ಭರವಸೆ ಇಲ್ಲ.

ಪದ್ಮಕ್ಕ

ನನ್ನದೂ ಇದೇ ಕಥೆ, ಸ್ವಲ್ಪ ನೋಡಿ ಹೇಳಿ. ಹೋದ ವರ್ಷ, 2025ರ ಮೇ 20ಕ್ಕೆ, ಒಂದೇ ದಿನ ಎರಡು ಬ್ಯಾಂಕಿನಲ್ಲಿ ಇಟ್ಟೆ. ಒಂದು ಕಡೆ 444 ದಿನದ ಸ್ಪೆಷಲ್ ಸ್ಕೀಮು, ಇನ್ನೊಂದು ಕಡೆ 15 ತಿಂಗಳು. 444 ಅನ್ನುವುದು ದೊಡ್ಡ ಸಂಖ್ಯೆ, ಹಾಗಾಗಿ ಅದು ಕೊನೆಗೆ ಬರುತ್ತದೆ ಅಂತ ರಸೀದಿ ಒಳಗಿಟ್ಟುಬಿಟ್ಟಿದ್ದೇನೆ. ಮೊದಲು ಯಾವುದಕ್ಕೆ ಓಡಾಡಬೇಕು? ಬಡ್ಡಿ ಯಾವುದರಲ್ಲಿ ಜಾಸ್ತಿ ಅಂತಲೂ ಹೇಳಿ.

ಹಳೇಕೌಂಟರ್

ಪದ್ಮಕ್ಕ, ಬಡ್ಡಿ ಎಷ್ಟು ಅಂತ ದರ ನೋಡದೆ ಹೇಳಲಾಗುವುದಿಲ್ಲ. ರಸೀದಿಯಲ್ಲೇ ಮೆಚ್ಯೂರಿಟಿ ಮೊತ್ತ ಬರೆದಿರುತ್ತಾರೆ, ನೋಡಿಕೊಳ್ಳಿ. ತಾರೀಖು ಮಾತ್ರ ಹೇಳಬಲ್ಲೆ.

ಮೇ 20ರಿಂದ ಮುಂದಿನ ಮೇ 20ಕ್ಕೆ 365 ದಿನ ಮುಗಿಯಿತು. 444ರಲ್ಲಿ ಇನ್ನು 79 ಉಳಿಯಿತು. ಮೇ ಕೊನೆಗೆ 11, ಉಳಿದದ್ದು 68. ಜೂನ್ 30, ಉಳಿದದ್ದು 38. ಜುಲೈ 31, ಉಳಿದದ್ದು 7. ಹಾಗಾಗಿ ಅದು 2026ರ ಆಗಸ್ಟ್ 7ಕ್ಕೆ. 15 ತಿಂಗಳಿನದ್ದು ಆಗಸ್ಟ್ 20ಕ್ಕೆ. ನಿಮ್ಮ 444 ದಿನದ್ದೇ 13 ದಿನ ಮೊದಲು.

ನಿಮ್ಮ ಜೋಡಿಗೆ ಇಟ್ಟ ತಾರೀಖೂ ಬೇಕಿಲ್ಲ. 15 ತಿಂಗಳು ಅಂದರೆ ಒಂದು ವರ್ಷ ಮತ್ತು ಮೂರು ತಿಂಗಳು. ಎಷ್ಟು ಕಡಿಮೆ ಅಂದರೂ 454 ದಿನ, ಎಷ್ಟು ಜಾಸ್ತಿ ಅಂದರೂ 458. 444 ಅದಕ್ಕಿಂತ ಕೆಳಗೇ ಇದೆ. ವರ್ಷದ ಯಾವ ದಿನ ಇಟ್ಟರೂ 444 ದಿನದ್ದೇ ಮೊದಲು. ಮೇಲಿನ ಮೇಡಂ ಅವರದ್ದು ಹಾಗಲ್ಲ. ಅದು ತಾರೀಖಿನ ಮೇಲೆ ತಿರುಗಾಮುರುಗಾ ಆಗುವ ಜೋಡಿ.

ಸಂಜೆಮಲ್ಲಿಗೆ

ತಿರುಗಾಮುರುಗಾ ಅಂದರೆ? ನಾನು ಬೇರೆ ತಿಂಗಳಲ್ಲಿ ಇಟ್ಟರೆ 3 ತಿಂಗಳಿನದ್ದೇ ಮೊದಲು ಬರಬಹುದಾ?

ಹಾಳೆಹುಡುಗ

ಬರುತ್ತದೆ ಮೇಡಂ. ಇವತ್ತು ಮಧ್ಯಾಹ್ನ ಆಫೀಸಿನಲ್ಲಿ ಕೆಲಸ ಇರಲಿಲ್ಲ, ಒಂದು ಶೀಟು ಮಾಡಿ ಇಡೀ ವರ್ಷದ ತಾರೀಖು ಹಾಕಿ ನೋಡಿದೆ. A2 ಖಾನೆಯಲ್ಲಿ ಇಟ್ಟ ತಾರೀಖು ಇದ್ದರೆ:

```
=A2+91
=EDATE(A2,3)
=EDATE(A2,3)-(A2+91)
```

ಮೊದಲನೆಯದು ದಿನದ ಎಫ್‌ಡಿ, ಎರಡನೆಯದು ತಿಂಗಳಿನದ್ದು. ಮೂರನೆಯದರಲ್ಲಿ ಬಂದ ಸಂಖ್ಯೆ ಸೊನ್ನೆಗಿಂತ ಜಾಸ್ತಿ ಇದ್ದರೆ 91 ದಿನದ್ದು ಮೊದಲು. ಮೈನಸ್ ಬಂದರೆ 3 ತಿಂಗಳಿನದ್ದು ಮೊದಲು. ಸೊನ್ನೆ ಬಂದರೆ ಒಂದೇ ದಿನ. ಎರಡನೇ ಸಾಲಿನಲ್ಲಿ 46 ಸಾವಿರ ಚಿಲ್ಲರೆಯ ಯಾವುದೋ ಅಂಕಿ ಕಂಡರೆ ಹೆದರಬೇಡಿ, ಖಾನೆಯನ್ನು ತಾರೀಖಿನ ರೂಪಕ್ಕೆ ಬದಲಿಸಿ.

ಮೂರು ತಿಂಗಳು ಅನ್ನುವುದು 89ರಿಂದ 92 ದಿನದವರೆಗೆ ಓಡಾಡುತ್ತದೆ. 10ನೇ ತಾರೀಖು ಇಟ್ಟರು ಅಂತಿಟ್ಟುಕೊಳ್ಳಿ. ಫೆಬ್ರವರಿಯಲ್ಲಾದರೆ 28, 31, 30 ಸೇರಿ 89 ದಿನ ಮಾತ್ರ. ಅಂದರೆ 2027ರ ಫೆಬ್ರವರಿ 10ಕ್ಕೆ ಇಟ್ಟ 3 ತಿಂಗಳಿನದ್ದು ಮೇ 10ಕ್ಕೆ, 91 ದಿನದ್ದು ಮೇ 12ಕ್ಕೆ. ಡಿಸೆಂಬರ್, ಜನವರಿಯಲ್ಲಿ ಇಟ್ಟರೂ ದಾರಿಯಲ್ಲಿ ಫೆಬ್ರವರಿ ಸಿಗುವುದರಿಂದ 90 ದಿನವೇ, ಅಲ್ಲೂ 3 ತಿಂಗಳಿನದ್ದೇ ಮೊದಲು. ಏಪ್ರಿಲ್, ಸೆಪ್ಟೆಂಬರ್‌ನಲ್ಲಿ ಇಟ್ಟರೆ ಎರಡೂ ಒಂದೇ ದಿನ. ಉಳಿದ ಏಳು ತಿಂಗಳಲ್ಲಿ 91 ದಿನದ್ದು ಒಂದು ದಿನ ಮೊದಲು.

ನೀಲಿಪೆನ್ನು

ಹಾಗಾದರೆ ಮೇಡಂ ಅವರ ಭಾವ ಏಪ್ರಿಲ್‌ನಲ್ಲಿ ಸರಿ, ಜುಲೈನಲ್ಲಿ ತಪ್ಪು!

ಹಾಳೆಹುಡುಗ

ಭಾವ ಸೆಪ್ಟೆಂಬರ್‌ನಲ್ಲೂ ಸರಿ 😀 ಇನ್ನೊಂದು ಮಜಾ ನೋಡಿ. ನವೆಂಬರ್ ಕೊನೆಗೆ ಬಂದಾಗ ಶೀಟಿನಲ್ಲಿ ಏನೋ ತಪ್ಪಾಗಿದೆ ಅಂದುಕೊಂಡೆ, ಬೆರಳಲ್ಲಿ ಎಣಿಸಿದರೂ ಅದೇ ಬಂತು. ಮುಂದಿನ ಫೆಬ್ರವರಿಗೆ 28 ದಿನ ಅಂತಿಟ್ಟುಕೊಳ್ಳಿ. ನವೆಂಬರ್ 28, 29, 30, ಈ ಮೂರು ದಿನದಲ್ಲಿ ಯಾವತ್ತು ಇಟ್ಟರೂ 3 ತಿಂಗಳ ಎಫ್‌ಡಿ ಫೆಬ್ರವರಿ 28ಕ್ಕೇ ಮುಗಿಯುತ್ತದೆ. ಫೆಬ್ರವರಿಗೆ 29, 30 ಇಲ್ಲವಲ್ಲ, ಅದಕ್ಕೆ ತಿಂಗಳ ಕೊನೆಯ ದಿನಕ್ಕೆ ಬಂದು ನಿಲ್ಲುತ್ತದೆ. 91 ದಿನದ್ದು ಮಾತ್ರ ಒಂದೊಂದು ದಿನ ಸರಿಯುತ್ತದೆ: ಫೆಬ್ರವರಿ 27, ಫೆಬ್ರವರಿ 28, ಮಾರ್ಚ್ 1.

ಅಂದರೆ 28ಕ್ಕೆ ಇಟ್ಟವರಿಗೆ 91 ದಿನದ್ದು ಮೊದಲು. 29ಕ್ಕೆ ಇಟ್ಟವರಿಗೆ ಎರಡೂ ಒಂದೇ ದಿನ. 30ಕ್ಕೆ ಇಟ್ಟವರಿಗೆ 3 ತಿಂಗಳಿನದ್ದು ಮೊದಲು. ಮೂರು ದಿನದಲ್ಲಿ ಮೂರು ಉತ್ತರ! ಇದನ್ನು ನೋಡಿದ ಮೇಲೆ, ಇಟ್ಟ ತಾರೀಖು ಕೇಳದೆ ಉತ್ತರ ಹೇಳುವವರನ್ನು ನಾನಂತೂ ನಂಬಲ್ಲ.

ತುಂಬೆಗಿಡ

ಈ ಒಂದು ದಿನದ ಗಲಾಟೆಗೆ ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ ಅಂತ ಓದುತ್ತಾ ಬಂದೆ. 2 ಲಕ್ಷಕ್ಕೆ ಶೇ 6 ದರ ಅಂದರೂ ದಿನಕ್ಕೆ 33 ರೂಪಾಯಿ ಬಡ್ಡಿ. ಯಾವುದಾದರೂ ಒಂದು ಇಡಿ.

ಹಳೇಕೌಂಟರ್

ಒಂದು ದಿನದ ಬಡ್ಡಿ 33 ರೂಪಾಯಿಯೇ. ಆದರೆ ದರದ ಪಟ್ಟಿಯ ಗೆರೆ ದಾಟಿದರೆ ವ್ಯತ್ಯಾಸ ಬೀಳುವುದು ಇಡೀ ಅವಧಿಗೆ. ಮೇಡಂ ಬರೆದ ಪಟ್ಟಿಯನ್ನೇ ತೆಗೆದುಕೊಳ್ಳಿ. 90 ದಿನದವರೆಗೆ ಒಂದು ದರ, 91ರಿಂದ ಇನ್ನೊಂದು. ಜುಲೈನಲ್ಲಿ ಇಟ್ಟ 3 ತಿಂಗಳು 92 ದಿನ, ಹಾಗಾಗಿ ಮೇಲಿನ ದರ ಸಿಗುತ್ತದೆ. ಅದೇ 3 ತಿಂಗಳನ್ನು ಫೆಬ್ರವರಿ 10ಕ್ಕೆ ಇಟ್ಟರೆ 89 ದಿನ. ದಿನ ನೋಡಿ ದರ ಹಾಕುವ ಬ್ಯಾಂಕಾದರೆ ಕೆಳಗಿನ ದರಕ್ಕೆ ಬಿತ್ತು. ಗ್ರಾಹಕರು ಬಂದು, ಹೋದ ಸಲ ಮೂರು ತಿಂಗಳಿಗೆ ಜಾಸ್ತಿ ಕೊಟ್ಟಿದ್ದಿರಿ, ಈ ಸಲ ಯಾಕೆ ಕಡಿಮೆ ಅಂತ ಜಗಳ ಆಡುತ್ತಿದ್ದರು. ದರ ಬದಲಾಗಿರುತ್ತಿರಲಿಲ್ಲ. ಫೆಬ್ರವರಿ ಬಂದಿರುತ್ತಿತ್ತು, ಅಷ್ಟೇ.

ಹಾಗಾಗಿ ಇಂಥ ಗೆರೆಯ ಹತ್ತಿರ ಇರುವವರು ದಿನದಲ್ಲೇ ಹಾಕುವುದು ಒಳ್ಳೆಯದು. 91 ಅಂದರೆ 91. ಅದು ಯಾವ ತಿಂಗಳಲ್ಲೂ 89 ಆಗುವುದಿಲ್ಲ.

ಲೆಕ್ಕದಮನುಷ್ಯ

ಸರಿ, ಮೂರು ತಿಂಗಳದ್ದು ಬಿಡಿ. ಕನಿಷ್ಠ 365 ದಿನ ಮತ್ತು 1 ವರ್ಷ ಒಂದೇ ತಾನೇ? ಅಲ್ಲೂ ತಕರಾರು ತೆಗೆಯಬೇಡಿ.

ಹಳೇಕೌಂಟರ್

ತೆಗೆಯಲೇಬೇಕಲ್ಲ ಸ್ವಾಮಿ. ನಡುವೆ ಫೆಬ್ರವರಿ 29 ಬರದಿದ್ದರೆ ಒಂದೇ. ಬಂದರೆ ಅಲ್ಲ. 2028 ಅಧಿಕ ವರ್ಷ. 2027ರ ಆಗಸ್ಟ್ 16ಕ್ಕೆ ನೀವು ಎರಡು ಠೇವಣಿ ಇಟ್ಟಿರಿ ಅಂದುಕೊಳ್ಳಿ. 1 ವರ್ಷದ್ದು 2028ರ ಆಗಸ್ಟ್ 16ಕ್ಕೆ, ಅದು 366 ದಿನ. 365 ದಿನದ್ದು ಆಗಸ್ಟ್ 15ಕ್ಕೆ, ಒಂದು ದಿನ ಮೊದಲು.

ಆದರೆ ಆಗಸ್ಟ್ 15 ಸ್ವಾತಂತ್ರ್ಯ ದಿನ. ಬ್ಯಾಂಕು ರಜೆ. ಕೌಂಟರಿನಲ್ಲಿ ತೆಗೆದುಕೊಳ್ಳುವುದಾದರೆ ಎರಡೂ 16ಕ್ಕೇ ಸಿಗುವುದು. ಮೇಡಂ ಅವರ ಕೇಸಿನಲ್ಲಿ ಒಂದು ದಿನದ ಅಂತರ ಮೂರು ದಿನ ಆಯಿತು, ಇಲ್ಲಿ ಅದೇ ಒಂದು ದಿನ ಸೊನ್ನೆ ಆಯಿತು. ಕಾಗದದ ಮೇಲಿನ ತಾರೀಖು ಒಂದು, ದುಡ್ಡು ಕೈಗೆ ಬರುವ ದಿನ ಇನ್ನೊಂದು. ಮೊದಲು ಯಾವುದು ಅಂತ ಕೇಳುವವರು ಎರಡನ್ನೂ ನೋಡಬೇಕು.

ದರದ ಗೆರೆ ಇಲ್ಲೂ ಇದೆ. ಪಟ್ಟಿಯಲ್ಲಿ "1 ವರ್ಷಕ್ಕಿಂತ ಕಡಿಮೆ" ಅಂತ ಒಂದು ಸಾಲು, "1 ವರ್ಷ ಮತ್ತು ಮೇಲೆ" ಅಂತ ಇನ್ನೊಂದು ಸಾಲು ಇದ್ದರೆ, ಅಧಿಕ ವರ್ಷದ ನಡುವೆ ಹೋಗುವ 365 ದಿನ ಯಾವ ಸಾಲಿಗೆ ಸೇರುತ್ತದೆ ಅಂತ ಇಡುವ ಮೊದಲೇ ಕೇಳಿ. ವರ್ಷ ತುಂಬಲು ಅದಕ್ಕೆ ಒಂದು ದಿನ ಕಡಿಮೆ ಇದೆ.

ಲೆಕ್ಕದಮನುಷ್ಯ

ನಾಲ್ಕು ವರ್ಷಕ್ಕೊಮ್ಮೆ ಬರುವುದಕ್ಕೆ ಇಷ್ಟು ಯೋಚನೆ ಮಾಡಿದರೆ ಎಫ್‌ಡಿ ಇಡೋದು ಯಾವಾಗ? ದೊಡ್ಡ ಅಂತರ ಇದ್ದಾಗ ನನ್ನ 30ರ ಭಾಗಾಕಾರ ಸಾಕು. 444ನ್ನು 30ರಿಂದ ಭಾಗಿಸಿದರೆ 14.8, ಅಂದರೆ 15 ತಿಂಗಳಿಗಿಂತ ಮೊದಲು. ಉತ್ತರ ಸರಿಯೇ ಬಂತಲ್ಲ?

ಹಾಳೆಹುಡುಗ

ಅಂತರ ದೊಡ್ಡದಿದ್ದರೆ ಬರುತ್ತದೆ ಅಣ್ಣ. 400 ದಿನ ಮತ್ತು 13 ತಿಂಗಳಿಗೂ ಸರಿ ಬರುತ್ತದೆ. 13 ತಿಂಗಳು ಎಷ್ಟು ಎಳೆದರೂ 397 ದಿನ ದಾಟುವುದಿಲ್ಲ, ಹಾಗಾಗಿ 400 ದಿನದ್ದೇ ಯಾವಾಗಲೂ ತಡ. ಆದರೆ 1000 ದಿನ ಮತ್ತು 33 ತಿಂಗಳು ಹಾಕಿ ನೋಡಿ. 30ರಿಂದ ಭಾಗಿಸಿದರೆ 33.3 ಬರುತ್ತದೆ, ಅಂದರೆ 33 ತಿಂಗಳಿನದ್ದು ಮೊದಲು ಅನ್ನುತ್ತದೆ ನಿಮ್ಮ ಲೆಕ್ಕ. ನಿಜವಾಗಿ 33 ತಿಂಗಳಿಗೆ ಕನಿಷ್ಠ 1003 ದಿನ. 1000 ದಿನದ್ದೇ ಮೊದಲು, ಯಾವ ತಾರೀಖು ಇಟ್ಟರೂ. ಅವಧಿ ಉದ್ದ ಆದಷ್ಟೂ ನಿಮ್ಮ 30 ಜಾಸ್ತಿ ಜಾರುತ್ತದೆ, ವರ್ಷಕ್ಕೆ 5 ದಿನ ತಿನ್ನುತ್ತದಲ್ಲ.

ಶೀಟು ಇಲ್ಲದವರಿಗೆ ಸುಲಭ ದಾರಿ: ಮೊದಲು ಪೂರ್ತಿ ವರ್ಷಗಳನ್ನು ಬೇರೆ ತೆಗೆಯಿರಿ, ಅವುಗಳಿಗೆ 365 ಹಾಕಿ, ದಾರಿಯಲ್ಲಿ ಫೆಬ್ರವರಿ 29 ಇದ್ದರೆ ಒಂದು ಸೇರಿಸಿ. ಉಳಿದ ತಿಂಗಳಿಗೆ ಮುಷ್ಟಿ ಹಿಡಿದು ಗೆಣ್ಣಿನ ಮೇಲೆ ಎಣಿಸಿ. ಇಟ್ಟ ತಿಂಗಳಿಂದಲೇ ಎಣಿಕೆ ಶುರು ಮಾಡಿ, ಮುಗಿಯುವ ತಿಂಗಳನ್ನು ಸೇರಿಸಬೇಡಿ. ಜುಲೈನಿಂದ ಅಕ್ಟೋಬರ್‌ಗೆ ಅಂದರೆ ಜುಲೈ, ಆಗಸ್ಟ್, ಸೆಪ್ಟೆಂಬರ್. ಅಕ್ಟೋಬರ್ ಲೆಕ್ಕಕ್ಕಿಲ್ಲ.

ಪದ್ಮಕ್ಕ

ಆಗಸ್ಟ್ 7 ಅಂತ ಹೇಳಿದ್ದು ಒಳ್ಳೆಯದಾಯಿತು. ರಸೀದಿ ತೆಗೆದು ನೋಡಿದೆ, ಅದೇ ತಾರೀಖು ಇದೆ. ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಆಟೋ ರಿನೀವಲ್ ಅಂತಲೂ ಇದೆ. ಇದು ಏನಾದರೂ ತೊಂದರೆಯಾ?

ತುಂಬೆಗಿಡ

ಪದ್ಮಕ್ಕ, ಇದು ಮಾತ್ರ ತೊಂದರೆಯೇ. ನನಗೆ ಆಗಿದೆ. ಬ್ಯಾಂಕಿನ ಹೆಸರು ಬೇಡ. ದಿನದ ಲೆಕ್ಕದ ಠೇವಣಿ ತಿಂಗಳದ್ದಕ್ಕಿಂತ ಮೊದಲು ಮುಗಿದು, ಮರುದಿನವೇ ಮತ್ತೆ ಅಷ್ಟೇ ದಿನಕ್ಕೆ ಕೂತುಬಿಟ್ಟಿತ್ತು. ಎರಡೂ ಒಟ್ಟಿಗೆ ಬರುತ್ತವೆ ಅಂತ ನಾನು ತಿಂಗಳದ್ದರ ತಾರೀಖಿಗೆ ಹೋದೆ. ಅಷ್ಟರಲ್ಲಿ ಮೊದಲಿನದ್ದನ್ನು ಮುರಿಸಬೇಕಾದ ಪರಿಸ್ಥಿತಿ. ಫಾರಂ ತುಂಬಿ, ಸಹಿ ಹಾಕಿ, ದುಡ್ಡು ಬರುವ ಹೊತ್ತಿಗೆ ಸಾಕಾಗಿ ಹೋಯಿತು. ಈಗಲೇ ಆ್ಯಪ್‌ನಲ್ಲೋ ಬ್ರಾಂಚಿನಲ್ಲೋ ಬದಲಿಸಿ, ಮೆಚ್ಯೂರ್ ಆದಾಗ ಉಳಿತಾಯ ಖಾತೆಗೆ ಹಾಕಿ ಅಂತ ಬರೆದುಕೊಡಿ.

ಹಳೇಕೌಂಟರ್

ತುಂಬೆಗಿಡ ಅವರು ಹೇಳಿದ್ದು ಮುಖ್ಯ. ಸ್ಪೆಷಲ್ ಸ್ಕೀಮಿನ ಠೇವಣಿಯಲ್ಲಿ ಇನ್ನೂ ಒಂದು ವಿಷಯ ಇದೆ. ಅಷ್ಟು ಹೊತ್ತಿಗೆ ಆ ಸ್ಕೀಮೇ ಮುಗಿದಿದ್ದರೆ, ರಿನೀವಲ್ ಆಗುವುದು ಆ ದಿನದ ಮಾಮೂಲಿ ದರಕ್ಕೆ.

ಹಾಗಂತ ಎರಡೂ ಆಯ್ಕೆ ಬೇಡ ಅಂತ ಸುಮ್ಮನೆ ಬಿಟ್ಟುಬಿಡಲೂ ಬಾರದು. ರಿನೀವಲ್ ಇಲ್ಲದೆ ಹಾಗೇ ಉಳಿದ ಠೇವಣಿಗೆ 2021ರ ಜುಲೈನಿಂದ ರಿಸರ್ವ್ ಬ್ಯಾಂಕಿನ ನಿಯಮ ಬೇರೆ. ಉಳಿತಾಯ ಖಾತೆಯ ದರ ಮತ್ತು ಠೇವಣಿಯ ಮೂಲ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ.

ನೀಲಿಪೆನ್ನು

ರಜೆಯ ವಿಷಯಕ್ಕೆ ಬರೋಣ. ಡ್ಯೂ ಡೇಟ್ ಭಾನುವಾರ ಬಿದ್ದರೂ ನನಗೆ ಭಾನುವಾರ ಬೆಳಿಗ್ಗೆಯೇ ಖಾತೆಗೆ ಜಮಾ ಆಗಿದ್ದಿದೆ. ಈಗೆಲ್ಲ ಸಿಸ್ಟಮ್ಮೇ ಹಾಕುತ್ತದೆ, ಯಾರೂ ಕೂತು ಎಂಟ್ರಿ ಮಾಡಬೇಕಿಲ್ಲ. ಹಳೇಕೌಂಟರ್ ಸರ್ ಹೇಳುವ ಸೋಮವಾರದ ಕಥೆ ಹಳೆಯ ಕಾಲದ್ದಲ್ವಾ?

ತುಂಬೆಗಿಡ

ನನ್ನ ಬ್ಯಾಂಕಿನಲ್ಲಿ ಸೋಮವಾರವೇ ಬಂದಿದ್ದು. ಆ್ಯಪ್‌ನಲ್ಲಿ ಇಟ್ಟ ಎಫ್‌ಡಿಯೇ ಅದು.

ಹಳೇಕೌಂಟರ್

ಎರಡೂ ಇರಬಹುದು. ನಿಯಮದಲ್ಲಿ ಇರುವುದು ಇಷ್ಟು: ರಜೆಯ ದಿನ ಮುಗಿಯುವ ಠೇವಣಿಯನ್ನು ಮುಂದಿನ ಕೆಲಸದ ದಿನ ಕೊಟ್ಟರೆ, ನಡುವಿನ ರಜೆ ದಿನಗಳಿಗೂ ಒಪ್ಪಿದ ದರದಲ್ಲೇ ಬಡ್ಡಿ ಕೊಡಬೇಕು. ಅಂದರೆ ಕಾಯಿಸಿದ್ದಕ್ಕೆ ನಿಮಗೆ ನಷ್ಟ ಇಲ್ಲ. ಆದರೆ ಕಾಲೇಜಿನವರು ದಂಡ ಹಾಕುವಾಗ ಈ ಬಡ್ಡಿ ನೋಡಿ ಬಿಡುವುದಿಲ್ಲ. ನಿಮ್ಮ ಬ್ಯಾಂಕಿನ ಸಿಸ್ಟಮ್ ಭಾನುವಾರ ಹಾಕುತ್ತದೋ ಇಲ್ಲವೋ ಅಂತ ಹಿಂದಿನ ಪಾಸ್‌ಬುಕ್ ನೋಡಿದರೆ ಗೊತ್ತಾಗುತ್ತದೆ. ಗೊತ್ತಿಲ್ಲದಿದ್ದರೆ ಬರುವುದಿಲ್ಲ ಅಂತಲೇ ಇಟ್ಟುಕೊಂಡು ಲೆಕ್ಕ ಹಾಕಿ.

ಸಂಜೆಮಲ್ಲಿಗೆ

ಇನ್ನೊಂದು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಕ್ಟೋಬರ್ 9 ಅಂದರೆ ಕೊನೆಯ ದಿನಕ್ಕೆ ಒಂದೇ ದಿನ ಉಳಿಯುತ್ತದೆ. ಅವತ್ತು ನೆಟ್‌ವರ್ಕ್ ಕೈಕೊಟ್ಟರೆ ಮುಗಿಯಿತು. 91ರ ಬದಲು 90 ದಿನ ಹಾಕಿದರೆ 8ಕ್ಕೆ ಬರುತ್ತದಲ್ಲ, ಹಾಗೆ ಮಾಡಲಾ?

ಹಾಳೆಹುಡುಗ

ಬರುತ್ತದೆ, ಆದರೆ ನಿಮ್ಮ ಪಟ್ಟಿಯಲ್ಲಿ 90 ದಿನ ಕೆಳಗಿನ ದರದಲ್ಲಿದೆ. ಒಂದು ದಿನ ಮುಂಚೆ ಸಿಗಲಿ ಅಂತ ಇಡೀ ಮೂರು ತಿಂಗಳ ದರ ಕಡಿಮೆ ಮಾಡಿಕೊಂಡಂತೆ ಆಗುತ್ತದೆ.

ಹಳೇಕೌಂಟರ್

ದಿನ ಕಡಿಮೆ ಮಾಡಬೇಡಿ ಮೇಡಂ, ಒಂದು ದಿನ ಮುಂಚೆ ಇಡಿ. ದುಡ್ಡು ಈಗಲೇ ಖಾತೆಯಲ್ಲಿ ಇದ್ದರೆ ಶುಕ್ರವಾರದವರೆಗೆ ಯಾಕೆ ಕಾಯಬೇಕು? ಗುರುವಾರ ಜುಲೈ 9ಕ್ಕೆ 91 ದಿನ ಅಂತ ಇಟ್ಟರೆ ಅಕ್ಟೋಬರ್ 8, ಗುರುವಾರ. ದರವೂ ಮೇಲಿನದ್ದೇ. ಕಂತು ಕಟ್ಟಲು ಎರಡು ದಿನ ಕೈಯಲ್ಲಿ ಇರುತ್ತದೆ. ಹಗಲು ಹೊತ್ತಿನಲ್ಲೇ ಇಡಿ. ರಾತ್ರಿ ತಡವಾಗಿ ಇಟ್ಟರೆ ಕೆಲವು ಕಡೆ ಮರುದಿನದ ತಾರೀಖು ಬೀಳುತ್ತದೆ, ಆಗ ಮತ್ತೆ 9ಕ್ಕೇ ಬಂದು ನಿಂತಿರಿ.

ಲೆಕ್ಕದಮನುಷ್ಯ

ಎಷ್ಟೆಲ್ಲ ಎಣಿಸಿದರೂ ಆ್ಯಪ್‌ನಲ್ಲಿ ಒಪ್ಪಿಗೆ ಒತ್ತುವ ಮೊದಲು ಮೆಚ್ಯೂರಿಟಿ ತಾರೀಖು ತೋರಿಸುತ್ತದೆ. ಎರಡು ಸಲ ಹಾಕಿ ನೋಡಿದರೆ ಆಯಿತಪ್ಪ. ಈ ಗೆಣ್ಣು ಎಣಿಸೋದು, ಶೀಟು ಮಾಡೋದು ಎಲ್ಲ ಬೇಕಾ?

ಹಾಳೆಹುಡುಗ

ಇವತ್ತು ಇಡುವವರಿಗೆ ಅದೇ ಸುಲಭ, ಒಪ್ಪುತ್ತೇನೆ. ಮುಂದಿನ ತಿಂಗಳು ಇಟ್ಟರೆ ಏನಾಗುತ್ತದೆ ಅಂತ ಆ್ಯಪ್ ತೋರಿಸುವುದಿಲ್ಲ. ಹಬ್ಬದ ರಜೆಯನ್ನೂ ಅದು ಹೇಳಲ್ಲ.

ಸಂಜೆಮಲ್ಲಿಗೆ

ಗುರುವಾರ ಬೆಳಿಗ್ಗೆಯೇ ಇಟ್ಟೆ. ತೆರೆಯ ಮೇಲೆ ಮೆಚ್ಯೂರಿಟಿ 08-10-2026 ಅಂತ ಬಂತು. ಸುಮ್ನೆ 3 ತಿಂಗಳು ಅಂತಲೂ ಹಾಕಿ ನೋಡಿದೆ, 09-10-2026 ತೋರಿಸಿತು. ಆಟೋ ರಿನೀವಲ್ ತೆಗೆದು ಉಳಿತಾಯ ಖಾತೆಗೆ ಅಂತ ಒತ್ತಿದ್ದೇನೆ. ಎಲ್ಲರಿಗೂ ಧನ್ಯವಾದ.

ನೀಲಿಪೆನ್ನು

ನನಗೊಂದು ಅನುಮಾನ ಉಳಿಯಿತು. ನವೆಂಬರ್ 30ರದ್ದು ಫೆಬ್ರವರಿ 28ಕ್ಕೆ ನಿಲ್ಲುತ್ತದೆ ಅಂತ ಒಪ್ಪಿದೆ. ಫೆಬ್ರವರಿ 28ಕ್ಕೇ 3 ತಿಂಗಳಿಗೆ ಇಟ್ಟರೆ? ತಾರೀಖು ನೋಡಿದರೆ ಮೇ 28, ಅದು 89 ದಿನ. ತಿಂಗಳ ಕೊನೆ ಅಂತ ನೋಡಿದರೆ ಮೇ 31, ಅದು 92 ದಿನ. 91 ದಿನದ್ದು ಮೇ 30ಕ್ಕೆ ಬಂದು ಎರಡರ ನಡುವೆ ಕೂರುತ್ತದೆ. ಯಾವುದು ಸರಿ?

ಹಾಳೆಹುಡುಗ

EDATE ಹಾಕಿದರೆ ಮೇ 28 ಕೊಡುತ್ತದೆ. ಅದು 28 ಅನ್ನುವ ಅಂಕಿ ನೋಡುತ್ತದೆ, ತಿಂಗಳ ಕೊನೆ ಅಂತ ಅದಕ್ಕೆ ಗೊತ್ತಿಲ್ಲ. ಬ್ಯಾಂಕಿನ ಸಿಸ್ಟಮ್ ಹೇಗೆ ಅಂತ ಹಳೇಕೌಂಟರ್ ಸರ್ ಹೇಳಲಿ.

ಹಳೇಕೌಂಟರ್

ನಾವು ಮೇ 28 ಅಂತಲೇ ಬರೆಯುತ್ತಿದ್ದೆವು. ಎಲ್ಲ ಕಡೆ ಹಾಗೆಯೇ ಅಂತ ಕೈ ಎತ್ತಿ ಹೇಳಲಾರೆ. ಅವತ್ತು ಇಡುವವರು ತಿಂಗಳ ಖಾನೆ ಬಿಟ್ಟು ದಿನದ ಖಾನೆಯಲ್ಲಿ ಅಂಕಿ ಹಾಕಲಿ. ಯಾರಾದರೂ ಫೆಬ್ರವರಿ 28ಕ್ಕೆ 3 ತಿಂಗಳಿಗೆ ಇಟ್ಟ ರಸೀದಿ ಇದ್ದರೆ ತಾರೀಖು ಇಲ್ಲಿ ಬರೆಯಿರಿ, ನನಗೂ ನೋಡಬೇಕಿದೆ.

ಪದ್ಮಕ್ಕ

ನನ್ನ ಹತ್ತಿರ ಫೆಬ್ರವರಿ 27ರದ್ದು ಇದೆ, ಆಗುತ್ತಾ?